ಹನ್ನೆರಡನೇ ತಂಡ

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಹನ್ನೊಂದು ವರ್ಷ ಸಂಚಾರ ನಿಯಂತ್ರಕನಾಗಿದ್ದ ಕೆಂಪರಾಜುವನ್ನು ನಿವೃತ್ತಿಯಾದ ಮೇಲೂ ಬೀದಿಯವರು ಟಿಸಿ ಕೆಂಪರಾಜು ಎಂದೇ ಕರೆಯುತ್ತಿದ್ದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಬರೆದೂ ಬರೆದೂ ಆತನಿಗೆ ಗಡಿಯಾರ ನೋಡದೆಯೇ ಹೊತ್ತು ತಿಳಿಯುತ್ತಿತ್ತು. ಕುಳ್ಳಗಿನ ಆಳು, ಮಾತು ಕಡಿಮೆ. ಯಾರಾದರೂ 'ಹತ್ತು ನಿಮಿಷದಲ್ಲಿ ಬರ್ತೀನಿ' ಎಂದು ಹೋಗಿ ಅರ್ಧ ಗಂಟೆ ಬಿಟ್ಟು ಬಂದರೆ ಏನೂ ಅನ್ನುತ್ತಿರಲಿಲ್ಲ, ಆದರೆ ಎಷ್ಟು ನಿಮಿಷ ತಡವಾಯಿತೆಂದು ಆತನಿಗೆ ಗೊತ್ತಿದೆ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಹೆಂಡತಿ ಭಾಗ್ಯಮ್ಮನಿಗೆ ಅದೊಂದೇ ಆಗದ ವಿಷಯ.

ಗಣೇಶನ ಹಬ್ಬದ ಕಾರ್ಯಕ್ರಮಪಟ್ಟಿ ಮಾಡುವ ಕೆಲಸ ಆತನ ಕೊರಳಿಗೆ ಬಿದ್ದದ್ದು ಹೋದ ವರ್ಷದ ಗಲಾಟೆಯಿಂದ. ಮೂರನೇ ದಿನ ಸಂಜೆ ನರೇಶನ ಆರ್ಕೆಸ್ಟ್ರಾ ಇನ್ನೊಂದು ಹಾಡು, ಇನ್ನೊಂದು ಹಾಡು ಎನ್ನುತ್ತಾ ಮುಂದುವರಿದು, ಪಾಪಕ್ಕನ ಕೋಲಾಟದ ತಂಡ ರೇಷ್ಮೆ ಸೀರೆ ಉಟ್ಟುಕೊಂಡು ವೇದಿಕೆಯ ಪಕ್ಕದಲ್ಲಿ ಒಂದು ಗಂಟೆ ನಿಂತಿತ್ತು. ಕೊನೆಗೆ ಅವರು ಮೇಲೆ ಹತ್ತಿ ಎಂಟು ನಿಮಿಷವಾಗಿರಲಿಲ್ಲ, ಹತ್ತು ಗಂಟೆಯಾಯಿತೆಂದು ಪೊಲೀಸಿನವರು ಬಂದು ಮೈಕು ಆರಿಸಿದರು. ಹಗಲೆಲ್ಲಾ ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುವ ಹೆಂಗಸರು ಅವರು, ಎರಡು ತಿಂಗಳು ಅಭ್ಯಾಸ ಮಾಡಿದ್ದರು. ಪಾಪಕ್ಕ ಕೈಲಿದ್ದ ಕೋಲುಗಳನ್ನು ವೇದಿಕೆಯ ಮೇಲೇ ಎಸೆದು ಇಳಿದುಬಿಟ್ಟಳು. ಆ ಸಾಲಿನಲ್ಲಿ ಭಾಗ್ಯಮ್ಮನೂ ಇದ್ದಳು. ಒಂದು ವಾರ ಮನೆಯಲ್ಲಿ ಯಾರೂ ಹಬ್ಬದ ಮಾತೆತ್ತಲಿಲ್ಲ.

ಈ ವರ್ಷ ಸಮಿತಿಯ ಅಧ್ಯಕ್ಷ ಅಪ್ಪಯ್ಯಣ್ಣ ತಾನೇ ಮನೆಗೆ ಬಂದು ಕೇಳಿದ. "ನಿಂಗೆ ಬಸ್ಸು ಬಿಟ್ಟು ಅಭ್ಯಾಸ ಐತೆ. ಇವರನ್ನೂ ಹಂಗೇ ಬಿಡಪ್ಪಾ."

ಕೆಂಪರಾಜು ಒಪ್ಪಿಕೊಂಡ. ಹಬ್ಬಕ್ಕೆ ಮೂರು ವಾರ ಇರುವಾಗಲೇ ಒಂದು ನೋಟ್‌ಬುಕ್ಕು ಹಿಡಿದು ತಂಡತಂಡದ ಮನೆಗೂ ಹೋದ. ಎಷ್ಟು ಜನ, ಎಷ್ಟು ನಿಮಿಷ, ವೇದಿಕೆ ಮೇಲೆ ಏನೇನು ಬೇಕು, ಯಾವ ದಿನ ಬರಲು ಆಗುವುದಿಲ್ಲ ಎಂದು ಕೇಳಿ ಬರೆದುಕೊಂಡ. ಕಾರ್ಖಾನೆಯ ಎರಡನೇ ಪಾಳಿಯವರಿದ್ದ ಭಜನೆ ತಂಡಕ್ಕೆ ಗುರುವಾರ ಆಗುತ್ತಿರಲಿಲ್ಲ, ಶಾಲೆಯ ಮಕ್ಕಳಿಗೆ ಶುಕ್ರವಾರ ಪರೀಕ್ಷೆ. ಗಣೇಶ ಕೂರುವುದು ಬುಧವಾರ, ಭಾನುವಾರ ವಿಸರ್ಜನೆ. ನಡುವೆ ಸಿಗುವುದು ನಾಲ್ಕು ಸಂಜೆ. ಸಂಜೆಗೆ ಮೂರು ಹೊತ್ತು ಮಾಡಿದ. ಆರೂ ಮುಕ್ಕಾಲಿಗೆ ಒಂದು, ಏಳೂ ಐವತ್ತಕ್ಕೆ ಒಂದು, ಎಂಟೂ ಐವತ್ತೈದಕ್ಕೆ ಒಂದು. ಒಂದೊಂದಕ್ಕೂ ಐವತ್ತು ನಿಮಿಷ, ಒಂದು ತಂಡ ಇಳಿದು ಇನ್ನೊಂದು ಹತ್ತಲು ಹದಿನೈದು ನಿಮಿಷ. ಕೊನೆಯದು ಒಂಬತ್ತೂ ಮುಕ್ಕಾಲಿಗೆ ಮುಗಿದರೆ, ಹತ್ತಕ್ಕೆ ಮೈಕು ನಿಲ್ಲಿಸುವ ಮೊದಲು ಹದಿನೈದು ನಿಮಿಷ ಕೈಲಿರುತ್ತದೆ.

ಮೂರು ಹೊತ್ತೂ ಒಂದೇ ಅಲ್ಲ ಎಂಬುದು ಆತನಿಗೆ ಗೊತ್ತಿತ್ತು. ಮೊದಲನೆಯದಕ್ಕೆ ಜನ ಇರುವುದಿಲ್ಲ, ಮಗ್ಗಗಳು ಇನ್ನೂ ಓಡುತ್ತಿರುತ್ತವೆ. ನಡುವಿನದಕ್ಕೆ ಬೀದಿಯೆಲ್ಲಾ ತುಂಬಿರುತ್ತದೆ. ಕೊನೆಯದಕ್ಕೆ ಹಿಂದಿನವರ ತಡವೆಲ್ಲಾ ಬಂದು ಬೀಳುತ್ತದೆ. ಅದಕ್ಕೇ ಎಲ್ಲರೆದುರು ಚೀಟಿ ಎತ್ತಬೇಕು, ಹೆಸರು ಬಂದವರು ಉಳಿದ ಹೊತ್ತಿನಲ್ಲಿ ತಮಗೆ ಬೇಕಾದ್ದು ಆರಿಸಿಕೊಳ್ಳಬೇಕು, ಹೋದ ವರ್ಷ ಕೊನೆಯ ಹೊತ್ತು ಸಿಕ್ಕವರಿಗೆ ಈ ಸಲವೂ ಅದೇ ಬರಬಾರದು ಎಂದು ನಿಯಮ ಬರೆದ. ಆಗದ ದಿನ ಇರುವ ಎರಡು ತಂಡಗಳ ಚೀಟಿ ಮೊದಲು ಎತ್ತಬೇಕು. ಅವಕ್ಕೂ ಮುಂಚೆ, ಚೀಟಿಯೇ ಇಲ್ಲದೆ, ಪಾಪಕ್ಕನ ತಂಡ ಆರಿಸಿಕೊಳ್ಳಬೇಕು. ಹೋದ ವರ್ಷ ಕಳಕೊಂಡದ್ದಕ್ಕೆ ಅದು ಸಲ್ಲಬೇಕಾದದ್ದು.

ಹಬ್ಬಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆ ಮುನಿವೆಂಕಟಪ್ಪನ ಮಗ್ಗದ ಶೆಡ್ಡಿನ ಮುಂದೆ ಎಲ್ಲರೂ ಸೇರಿದರು. ಬುಧವಾರದ ಮೊದಲ ಹೊತ್ತು ಉದ್ಘಾಟನಾ ಸಭೆಗೆ, ದಾನಿಗಳ ಸನ್ಮಾನಕ್ಕೆ ಎಂದು ಸಮಿತಿ ಮೊದಲೇ ಹೇಳಿತ್ತು. ಉಳಿದದ್ದು ಹನ್ನೊಂದು ಹೊತ್ತು, ಹನ್ನೊಂದು ತಂಡ. ಪಾಪಕ್ಕ ಶನಿವಾರದ ಏಳೂ ಐವತ್ತು ಎಂದಳು, ಯಾರೂ ತುಟಿ ಬಿಚ್ಚಲಿಲ್ಲ. ಬೀದಿಗೇ ಹಿರಿಯಳಾದ ದ್ಯಾವಮ್ಮಜ್ಜಿ ಸ್ಟೀಲ್ ಪಾತ್ರೆಗೆ ಕೈ ಹಾಕಿ ಒಂದೊಂದೇ ಚೀಟಿ ತೆಗೆದುಕೊಟ್ಟಳು. ನರೇಶನಿಗೆ ಶುಕ್ರವಾರದ ನಡುವಿನ ಹೊತ್ತು ಸಿಕ್ಕಿತು. ಅವನೂ ನಕ್ಕ. ಎಲ್ಲರೂ ಸಹಿ ಹಾಕುವಷ್ಟರಲ್ಲಿ ಕೆಂಪರಾಜುವಿನ ಬೆನ್ನು ಸ್ವಲ್ಪ ನೆಟ್ಟಗಾಗಿತ್ತು.

ಆಗ ಹಿಂದಿನಿಂದ ಒಬ್ಬ ಮುಂದೆ ಬಂದ. ಮೋರಿಯ ಆಚೆಯ ಬೀದಿಯ ಬೀರೇಶ್. ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಕೆಲಸ, ಹದಿನಾಲ್ಕು ಜನರ ತಮಟೆ ತಂಡಕ್ಕೆ ಅವನೇ ಮುಂದಾಳು.

"ಕೆಂಪರಾಜಣ್ಣ, ನಮ್ಮ ಚೀಟಿ ಬರಲೇ ಇಲ್ಲ."

ನರೇಶನೇ ಬಾಯಿ ಬಿಟ್ಟ. "ನಿಮ್ದು ಭಾನುವಾರ ಮೆರವಣಿಗೇಲಿ ಐತಲ್ಲ ಗುರು. ಪ್ರತಿ ವರ್ಷ ಇರೋದೇ."

"ಅದು ಕೂಲಿಗೆ ಬಾರಿಸೋದು ಕಣಣ್ಣ," ಬೀರೇಶನ ದನಿ ಏರಲಿಲ್ಲ. "ನಾವು ಮುಂದೆ ನಡೀತೀವಿ, ನೀವು ಹಿಂದೆ ಕುಣೀತೀರಿ. ಕೂತ್ಕೊಂಡು ಯಾರು ನೋಡ್ತಾರೆ? ಮೈಸೂರಲ್ಲಿ ವೇದಿಕೆ ಹತ್ತಿಸಿದ್ರು, ತುಮಕೂರಲ್ಲಿ ಹತ್ತಿಸಿದ್ರು. ನಮ್ಮೂರಲ್ಲಿ ಮಾತ್ರ ನಮ್ಗೆ ರಸ್ತೇನೇ."

ಕೆಂಪರಾಜು ನೋಟ್‌ಬುಕ್ಕಿನ ಹಾಳೆ ತಿರುವಿದ. ತಿರುವಬೇಕಾದ ಅಗತ್ಯವಿರಲಿಲ್ಲ, ಅದರಲ್ಲಿ ಏನಿದೆ ಏನಿಲ್ಲ ಎಂದು ಆತನಿಗೆ ಗೊತ್ತಿತ್ತು. ಮಲ್ಲಿಗೆಹೂ ಕಟ್ಟುವವರ ಮನೆಯಿಂದ ಹಿಡಿದು ಹೊಸ ಬಡಾವಣೆಯ ಮಹಡಿ ಮನೆಗಳವರೆಗೆ ಹೋಗಿದ್ದ. ಮೋರಿ ದಾಟಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ನೆನಪೇ ಆಗಿರಲಿಲ್ಲ. ಬಿಸಿಲಿಗೋ ಏನೋ ಕಿವಿ ಸುಡತೊಡಗಿದವು.

"ಮುಂದಿನ ವರ್ಷ ನೋಡೋಣ ಬಿಡಪ್ಪಾ," ಎಂದ ಅಪ್ಪಯ್ಯಣ್ಣ. "ಇರೋದು ಹನ್ನೆರಡು ಹೊತ್ತು. ಎಲ್ಲಾ ಆಗೋಯ್ತು."

"ನಿಮ್ಮ ನಿಮ್ಮ ಹೊತ್ತಲ್ಲಿ ಯಾರಾದ್ರೂ ಒಂದಿಷ್ಟು ಬಿಟ್ಟುಕೊಡ್ತೀರಾ?" ಎಂದು ಕೆಂಪರಾಜು ಕೇಳಿದ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಪಾಪಕ್ಕ ಮಾತ್ರ, "ನಮ್ಮದ್ರಲ್ಲಿ ಅರ್ಧ ತಗೊಳ್ಳಿ" ಎಂದಳು.

"ಬೇಡ. ಹೋದ ಸಲ ನಿಮ್ಮದೇ ಹೋಯ್ತು," ಎಂದ ಕೆಂಪರಾಜು. ಸ್ವಲ್ಪ ಹೊತ್ತು ಪಟ್ಟಿಯನ್ನೇ ನೋಡುತ್ತಾ ನಿಂತ. ಆಮೇಲೆ ಪೆನ್ನು ತೆಗೆದು ಮೊದಲನೇ ಸಾಲಿನ 'ಸಭೆ, ಸನ್ಮಾನ' ಎಂಬುದರ ಮೇಲೆ ಗೀಟು ಎಳೆದ. "ಸಭೆ ಬೆಳಿಗ್ಗೆ ಮಾಡೋಣ, ಗಣೇಶನ್ನ ಕೂರಿಸಿದ ಕೂಡಲೇ. ಬುಧವಾರ ಆರೂ ಮುಕ್ಕಾಲು ಬೀರೇಶನ ತಂಡಕ್ಕೆ." ಅವನ ಕಡೆ ತಿರುಗಿ, "ನಿಜ ಹೇಳ್ತೀನಿ, ಒಳ್ಳೇ ಹೊತ್ತಲ್ಲ ಅದು. ಮಗ್ಗ ನಿಂತಿರಲ್ಲ, ಜನ ಇರಲ್ಲ" ಎಂದ.

"ಜನ ಕರೆಯೋದು ನಮ್ಗೆ ಬಿಡಣ್ಣ."

ಅಪ್ಪಯ್ಯಣ್ಣನ ಮುಖ ಬಿಳಿಚಿಕೊಂಡಿತ್ತು. ಎಲ್ಲರೂ ಚದುರಿದ ಮೇಲೆ ಕೆಂಪರಾಜುವಿನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಏನ್ ಮಾಡ್ದೆ ಕಣೋ ನೀನು? ಆ ಹೊತ್ತಲ್ಲಿ ಸುನಿಲ್‌ಕುಮಾರ್‌ಗೆ ಶಾಲು ಹೊದಿಸೋದು ಅಂತ ಹೇಳಿಬಿಟ್ಟಿದೀನಿ. ವೇದಿಕೆ ಅವ್ರದು, ಮೈಕ್‌ಸೆಟ್ಟು ಅವ್ರದು. ನನ್ನ ಎಂಟು ಮಗ್ಗಕ್ಕೂ ನೂಲು ಅವ್ರದೇ!"

ನೂಲಿನ ವ್ಯಾಪಾರಿ ಸುನಿಲ್‌ಕುಮಾರ್ ಮಂಗಳವಾರ ಕೆಂಪರಾಜುವಿನ ಮನೆಗೇ ಬಂದ. ಜೋರು ಮಾಡಲಿಲ್ಲ. ಭಾಗ್ಯಮ್ಮ ಕೊಟ್ಟ ಕಾಫಿ ಕುಡಿದ, ಚೆನ್ನಾಗಿದೆ ಎಂದ.

"ಬೆಳಿಗ್ಗೆ ಸಭೆ ಅಂದ್ರೆ ಯಾರಿಗೆ ಮಾಡೋದು ಕೆಂಪರಾಜಣ್ಣ? ಖಾಲಿ ಕುರ್ಚಿಗಾ? ನಾನು ಬೆಂಗಳೂರಿಂದ ಒಬ್ಬ ದೊಡ್ಡವರನ್ನ ಕರೆಸ್ತಾ ಇದೀನಿ. ಅವರು ಬರೋದೇ ಸಂಜೆ."

"ಸಂಜೆ ಬರ್ಲಿ ಸಾರ್. ಏಳೂ ಮೂವತ್ತೈದರಿಂದ ಏಳೂ ಐವತ್ತು, ತಂಡ ಬದಲಾಗೋ ಹೊತ್ತು. ಪರದೆ ಎಳೆದು ಮುಂದೆ ಸನ್ಮಾನ ಮಾಡೋಣ. ಹದಿನೈದು ನಿಮಿಷ ನಿಮ್ಮದು."

"ಹದಿನೈದು ನಿಮಿಷ," ಎಂದ ಸುನಿಲ್‌ಕುಮಾರ್, ಯಾವುದೋ ಭಾಷೆಯ ಮಾತು ಕೇಳಿದವನಂತೆ. ಲೋಟ ಕೆಳಗಿಟ್ಟ. "ಮೊದಲ ದಿನವೇ ಗಣೇಶನ ಮುಂದೆ ತಮಟೆ. ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ ನನ್ನ ಕೇಳಬೇಡಿ. ನನ್ನ ವೇದಿಕೆ ಮೇಲೆ ಏನು ನಡೆಯುತ್ತೆ ಅನ್ನೋದು ನನಗೂ ಸ್ವಲ್ಪ ಗೊತ್ತಿರಬೇಕಲ್ವಾ?"

ಅವನು ಹೋದ ಮೇಲೆ ಕೆಂಪರಾಜು ಬಾಗಿಲಲ್ಲೇ ಕೂತ. "ಅಪ್ಪಯ್ಯಣ್ಣನ ಮಗ್ಗ ನಿಂತರೆ ನನ್ನ ಮುಖ ನೋಡ್ತಾನಾ ಅವನು?" ಎಂದ.

ಭಾಗ್ಯಮ್ಮ ಲೋಟ ಎತ್ತಿಕೊಳ್ಳುತ್ತಾ, "ಹೋದ ವರ್ಷ ವೇದಿಕೆ ಪಕ್ಕ ನಾನು ನಿಂತಿದ್ನಲ್ಲ, ಒಂದು ಗಂಟೆ," ಎಂದಳು. "ಕಾಲು ನೋಯ್ಲಿಲ್ಲ ನಂಗೆ. ಅಲ್ಲಿ ನಾವಿದ್ದೀವಿ ಅಂತ ಯಾರಿಗೂ ಗೊತ್ತೇ ಇರ್ಲಿಲ್ವಲ್ಲ, ಅದು ನೋಯ್ತು. ನೀವೂ ಅಲ್ಲೇ ಮುಂದಿನ ಸಾಲಲ್ಲಿ ಕೂತು ಹಾಡು ಕೇಳ್ತಿದ್ರಿ."

ಅದನ್ನು ಆಕೆ ಒಂದು ವರ್ಷ ಹೇಳಿರಲಿಲ್ಲ. ಸಂಜೆ ಕೆಂಪರಾಜು ಮೋರಿ ದಾಟಿ ಬೀರೇಶನ ಮನೆಗೆ ಹೋಗಿ, ಎಷ್ಟು ಜನ, ಎಷ್ಟು ನಿಮಿಷ, ಏನೇನು ಬೇಕು ಎಂದು ಉಳಿದವರನ್ನು ಕೇಳಿದಂತೆಯೇ ಕೇಳಿ ಬರೆದುಕೊಂಡು ಸಹಿ ಹಾಕಿಸಿಕೊಂಡು ಬಂದ.

ಬುಧವಾರ ಬೆಳಿಗ್ಗೆ ಗಣೇಶ ಕೂತ. ಸಂಜೆ ಆರೂವರೆಗೆ ಮಂಗಳಾರತಿ ಮುಗಿಯಿತು. ಪೆಂಡಾಲಿನಲ್ಲಿ ಇನ್ನೂರು ಕುರ್ಚಿ, ಕೂತಿದ್ದವರು ಮೂವತ್ತು ಜನ ಇರಬಹುದು. ಸುತ್ತ ಮಗ್ಗಗಳ ಟಕಟಕ ಸದ್ದು ನಿಂತಿರಲಿಲ್ಲ. ವೇದಿಕೆಯ ಹಿಂದೆ ಬೀರೇಶನ ಹುಡುಗರು ಒಣಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ಚರ್ಮ ಬಿಗಿಯಾಗುತ್ತಾ ಬಂದಂತೆ ಬೆರಳಲ್ಲಿ ತಟ್ಟಿ ಕಿವಿಗೆ ಹಿಡಿದು ನೋಡುತ್ತಿದ್ದರು. ಕಾದ ಚರ್ಮ ಬಹಳ ಹೊತ್ತು ಹಾಗೇ ನಿಲ್ಲುವುದಿಲ್ಲ, ಕಾದ ಕೂಡಲೇ ಬಾರಿಸಬೇಕು.

ಆರೂ ನಲವತ್ತಕ್ಕೆ ಅಪ್ಪಯ್ಯಣ್ಣ ಫೋನು ಕಿವಿಯಲ್ಲಿಟ್ಟುಕೊಂಡೇ ಓಡಿ ಬಂದ. "ಯಲಹಂಕ ದಾಟವ್ರಂತೆ. ಅವರು ಬಂದ ಮೇಲೇ ಶುರು ಮಾಡ್ಬೇಕಂತೆ. ಇಪ್ಪತ್ತು ನಿಮಿಷ ಕಣೋ, ಇಪ್ಪತ್ತೇ ನಿಮಿಷ!"

ಕೆಂಪರಾಜು ಈ ಮಾತನ್ನು ಹನ್ನೊಂದು ವರ್ಷ ಕೇಳಿದ್ದ. ಯಾರೋ ಒಬ್ಬರಿಗಾಗಿ ಒಂದು ಬಸ್ಸು ನಿಲ್ಲಿಸಿದರೆ ಅದರ ಹಿಂದಿನ ಬಸ್ಸಿಗೆ ಜಾಗವಿರುವುದಿಲ್ಲ, ಅದರ ಹಿಂದಿನದು ರಸ್ತೆಯಲ್ಲೇ ನಿಲ್ಲುತ್ತದೆ, ಕೊನೆಗೆ ಕುಂದಾಣದ ಕೊನೆ ಬಸ್ಸಿಗೆ ಕಾದ ಯಾರೋ ಹೆಂಗಸು ಕತ್ತಲಲ್ಲಿ ನಿಲ್ಲುತ್ತಾಳೆ. ಇಪ್ಪತ್ತು ನಿಮಿಷ ಬಿಟ್ಟರೆ ಗಣ್ಯರು ಬಂದು, ಹಾರ ಹಾಕಿಸಿಕೊಂಡು, ಮಾತಾಡಿ ಇಳಿಯುವ ಹೊತ್ತಿಗೆ ಬೀರೇಶನಿಗೆ ಉಳಿಯುವುದು ಐದು ನಿಮಿಷ. 'ಪಾಪ, ಮುಂದಿನ ವರ್ಷ' ಎಂದು ಎಲ್ಲರೂ ಹೇಳುತ್ತಾರೆ.

"ಆರೂ ಮುಕ್ಕಾಲಿಗೆ ಶುರು," ಎಂದ.

"ಕೆಂಪರಾಜು, ಕೈ ಮುಗೀತೀನಿ."

"ಆರೂ ಮುಕ್ಕಾಲು ಅಣ್ಣ."

ಘೋಷಣೆ ಮಾಡಲು ಮೈಕು ಹಿಡಿದರೆ ಸದ್ದಿಲ್ಲ. ಮೈಕ್‌ಸೆಟ್ಟಿನವನ ಕಡೆ ನೋಡಿದ. ಅವನು ತಲೆ ತಗ್ಗಿಸಿ, "ಸಾಹುಕಾರ್ರು ಫೋನ್ ಮಾಡಿದ್ರು ಸಾರ್. ಅವರು ಬರೋತನಕ ಆನ್ ಮಾಡ್ಬೇಡ ಅಂದವ್ರೆ. ನಾನೇನ್ ಮಾಡ್ಲಿ, ಅವರ ಆಳು" ಎಂದ. ಕೂತಿದ್ದ ಮೂವತ್ತು ಜನರೂ ಈ ಕಡೆಯೇ ನೋಡುತ್ತಿದ್ದರು. ವೇದಿಕೆಯ ಪಕ್ಕದಲ್ಲಿ ಹದಿನಾಲ್ಕು ಜನ ಸಾಲಾಗಿ ನಿಂತಿದ್ದರು, ತಲೆಗೆ ಕೆಂಪು ರುಮಾಲು, ಕೈಲಿ ಕಾದ ತಮಟೆ. ಒಬ್ಬನ ದವಡೆ ಬಿಗಿಯುತ್ತಿದ್ದುದು ಕೆಂಪರಾಜುವಿಗೆ ಕಂಡಿತು. ಈ ಹುಡುಗರು ಈಗ ಕೈ ಎತ್ತಿದರೆ ತಾನು ಯಾವ ಕಡೆ ನಿಲ್ಲಬೇಕು ಎಂಬ ಯೋಚನೆ ಬಂತು.

ಮೈಕು ಕೆಳಗಿಟ್ಟು ವೇದಿಕೆಯ ಮುಂದಕ್ಕೆ ಬಂದ. ನಿಲ್ದಾಣದಲ್ಲಿ ಕರೆಂಟು ಹೋದ ದಿನ ಕೂಗುತ್ತಿದ್ದಂತೆ ಎರಡು ಕೈ ಬಾಯಿಗೆ ಹಿಡಿದು ಕೂಗಿದ. "ಇವತ್ತಿನ ಮೊದಲನೇ ಕಾರ್ಯಕ್ರಮ! ನಮ್ಮ ಬೀದಿಯದೇ ತಂಡ! ಬೀರೇಶ್ ಮತ್ತು ಸಂಗಡಿಗರ ತಮಟೆ ವಾದನ!" ಬೀರೇಶನ ಕಡೆ ತಿರುಗಿ, "ಮೈಕಿಲ್ಲ ಕಣಪ್ಪಾ" ಎಂದ, ತಪ್ಪು ಒಪ್ಪಿಕೊಳ್ಳುವವನ ಹಾಗೆ.

ಬೀರೇಶ ಮೊದಲ ಸಲ ನಕ್ಕ. "ತಮಟೆಗೆ ಮೈಕು ಯಾಕಣ್ಣ?"

ಮೊದಲ ಪೆಟ್ಟು ಬಿದ್ದಾಗ ಪೆಂಡಾಲಿನ ತಗಡು ಅದುರಿತು. ಒಂಟಿ ತಮಟೆಯಿಂದ ಶುರುವಾಗಿ, ಎರಡಾಗಿ, ನಾಲ್ಕಾಗಿ, ಹದಿನಾಲ್ಕೂ ಸೇರಿಕೊಂಡವು. ಮೆರವಣಿಗೆಯಲ್ಲಿ ಕೇಳಿ ಕೇಳಿ ಬೇಸತ್ತ ಅದೇ ಹೊಡೆತ ಅಲ್ಲ ಇದು. ಹೆಜ್ಜೆ ಬದಲಾದಂತೆ ಬಡಿತ ಬದಲಾಗುತ್ತಿತ್ತು, ಎರಡು ಸಾಲು ಒಂದನ್ನೊಂದು ಕೇಳಿ ಉತ್ತರ ಕೊಡುತ್ತಿದ್ದವು. ಮಲಗಿ ಬಾರಿಸಿದರು, ಒಬ್ಬನ ಹೆಗಲ ಮೇಲೊಬ್ಬ ಹತ್ತಿ ಬಾರಿಸಿದರು. ಮುನಿವೆಂಕಟಪ್ಪನ ಶೆಡ್ಡಿನ ಮಗ್ಗ ನಿಂತಿತು. ಎದುರಿನ ಶೆಡ್ಡಿನದೂ ನಿಂತಿತು. ತಲೆ ಮೇಲೆ ನೂಲಿನ ಎಳೆ ಅಂಟಿಸಿಕೊಂಡೇ ಜನ ಬಂದು ಕುರ್ಚಿ ಹಿಡಿದರು. ಏಳು ಗಂಟೆಗೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ.

ಏಳೂ ಹತ್ತಕ್ಕೆ ಕಾರು ಬಂತು. ಸುನಿಲ್‌ಕುಮಾರ್ ಅತಿಥಿಯನ್ನು ಮುಂದಿನ ಸೋಫಾದಲ್ಲಿ ಕೂರಿಸಿ ನೇರ ವೇದಿಕೆಯ ಮೆಟ್ಟಿಲ ಹತ್ತಿರ ಬಂದ. ಮೆಟ್ಟಿಲ ಮೇಲೆ ಕೆಂಪರಾಜು ನಿಂತಿದ್ದ.

"ನಿಲ್ಸಿ ಇದನ್ನ."

"ಏಳೂ ಮೂವತ್ತೈದಕ್ಕೆ ನಿಲ್ಲುತ್ತೆ ಸಾರ್."

"ದೊಡ್ಡವರು ಬಂದು ಕೂತವ್ರೆ, ಕಾಣಿಸ್ತಿಲ್ವಾ?"

"ಕಾಣಿಸ್ತಿದೆ. ಹನ್ನೊಂದು ತಂಡ ಸಹಿ ಹಾಕೈತೆ ಸಾರ್. ಇವರೂ ಹಾಕವ್ರೆ. ಈಗ ನಾನು ಇವರನ್ನ ಇಳಿಸಿದ್ರೆ ಆ ಪಟ್ಟಿಗೆ ಅರ್ಥ ಇಲ್ಲ. ಹರಿದು ಹಾಕ್ಬಿಡೋದೇ."

ಸುನಿಲ್‌ಕುಮಾರ್ ಒಂದು ಮೆಟ್ಟಿಲು ಹತ್ತಿದ. ಇಬ್ಬರ ಎದೆಯ ನಡುವೆ ಒಂದು ಗೇಣು ಜಾಗ. ಕೆಂಪರಾಜು ಸರಿಯಲಿಲ್ಲ. ಕೆಳಗೆ ಅಪ್ಪಯ್ಯಣ್ಣ ಕಣ್ಣು ಮುಚ್ಚಿಕೊಂಡಿದ್ದ. ಯಾರು ಎದ್ದರೆಂದು ಮೊದಲು ತಿಳಿಯಲಿಲ್ಲ. ಪಾಪಕ್ಕ, ಅವಳ ಪಕ್ಕ ಭಾಗ್ಯಮ್ಮ, ಅವರ ಹಿಂದೆ ಕೋಲಾಟದ ಉಳಿದ ಹೆಂಗಸರು ಬಂದು ಮೆಟ್ಟಿಲ ಸುತ್ತ ಸುಮ್ಮನೆ ನಿಂತರು. ಸುನಿಲ್‌ಕುಮಾರ್ ಹಿಂತಿರುಗಿ ನೋಡಿದ. ಅವನು ಕರೆತಂದ ಅತಿಥಿ ಫೋನು ಎತ್ತಿ ಹಿಡಿದು ತಮಟೆಯ ವಿಡಿಯೊ ಮಾಡುತ್ತಿದ್ದ.

ಸುನಿಲ್‌ಕುಮಾರ್ ಮೆಟ್ಟಿಲು ಇಳಿದ.

ಏಳೂ ಮೂವತ್ತಾರಕ್ಕೆ ತಮಟೆ ನಿಂತಿತು. ಮೈಕಿಗೆ ಜೀವ ಬಂತು. ಸನ್ಮಾನ ನಡೆಯಿತು, ಅತಿಥಿ ನಾಲ್ಕು ಮಾತಾಡಿದ, ಸುನಿಲ್‌ಕುಮಾರ್ ಯಾರ ಮುಖವನ್ನೂ ನೋಡದೆ ಶಾಲು ಹೊದಿಸಿಕೊಂಡ. ಏಳೂ ಐವತ್ತೆರಡಕ್ಕೆ ಎರಡನೇ ತಂಡ ಹತ್ತಿತು. ಎರಡು ನಿಮಿಷದ ತಡ ಕೆಂಪರಾಜುವಿನದು, ಅದನ್ನು ಪಟ್ಟಿಯಲ್ಲಿ ಬರೆದುಕೊಂಡ.

ಗುರುವಾರ ಬೆಳಿಗ್ಗೆ ಒಂದು ಟೆಂಪೊ ಬಂದು ದೊಡ್ಡ ಸ್ಪೀಕರುಗಳನ್ನು ಎತ್ತಿಕೊಂಡು ಹೋಯಿತು. ವೇದಿಕೆ ಉಳಿಯಿತು, ಬಹುಶಃ ಬಿಚ್ಚಲು ಆಳು ಸಿಗಲಿಲ್ಲ. ದೇವಸ್ಥಾನದ ಎರಡು ಹಳೆಯ ಸ್ಪೀಕರುಗಳನ್ನು ಕಟ್ಟಿ ಉಳಿದ ದಿನ ನಡೆಸಬೇಕಾಯಿತು. ಭಜನೆಗೆ ಸಾಕಾಯಿತು, ಮಕ್ಕಳಿಗೂ ಸಾಕಾಯಿತು. ನರೇಶನ ಆರ್ಕೆಸ್ಟ್ರಾಕ್ಕೆ ಸಾಕಾಗುವಂತಿರಲಿಲ್ಲ. ಅವನು ಬೀದಿಯ ನಡುವೆಯೇ ಕೆಂಪರಾಜುವನ್ನು ನಿಲ್ಲಿಸಿ, "ಅವರಿಗೆ ನ್ಯಾಯ ಮಾಡೋಕೆ ಹೋಗಿ ನನ್ನ ತೆಗೆದ್ರಿ ನೀವು. ಹೋದ ವರ್ಷದ್ದಕ್ಕೆ ಸೇಡು ತಾನೇ?" ಎಂದು ಕೇಳಿದ. ಅಲ್ಲ ಎಂದರೂ ನಂಬುವ ಮುಖ ಅವನದಾಗಿರಲಿಲ್ಲ. ಅಪ್ಪಯ್ಯಣ್ಣನಿಗೆ ಬರಬೇಕಾದ ನೂಲು ಬರಲಿಲ್ಲ. ಎರಡು ದಿನ ಮಗ್ಗ ನಿಂತವು, ಮೂರನೇ ದಿನ ನೂಲು ಬಂತು. ಅಪ್ಪಯ್ಯಣ್ಣ ಮಾತ್ರ ಕೆಂಪರಾಜು ಎದುರಾದರೆ ಗೋಡೆ ಕಡೆ ನೋಡಿ ಹೋಗುತ್ತಿದ್ದ.

ಶನಿವಾರ ಏಳೂ ಐವತ್ತಕ್ಕೆ ಪಾಪಕ್ಕನ ತಂಡ ಐವತ್ತು ನಿಮಿಷ ತುಂಬ ಕುಣಿಯಿತು. ಭಾಗ್ಯಮ್ಮ ಒಂದು ಸಲ ಸಾಲು ತಪ್ಪಿದಳು. ಕೆಂಪರಾಜುವಿಗೆ ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ.

ಅದರ ಹಿಂದಿನ ಸಂಜೆಯ ಮಾತೇ ಆತನ ಮನಸ್ಸಿನಲ್ಲಿ ಉಳಿದದ್ದು. ಶುಕ್ರವಾರ ನರೇಶ ಹಾಡಲು ನಿಂತಾಗ ಅವನ ಗೆಳೆಯರೇ ಅರ್ಧ ಜನ ಬಂದಿರಲಿಲ್ಲ. ಹಳೆಯ ಸ್ಪೀಕರು ಕರಕರ ಅನ್ನುತ್ತಿತ್ತು. ಕೆಂಪರಾಜು ಮೆಟ್ಟಿಲ ಪಕ್ಕದ ತನ್ನ ಜಾಗ ಬಿಟ್ಟು ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಬಂದು ಕೂತ, ಎಲ್ಲಾ ಹಾಡಿಗೂ ಚಪ್ಪಾಳೆ ತಟ್ಟಿದ. ನಡುವೆ ಒಮ್ಮೆಯೂ ಗಡಿಯಾರ ನೋಡಲಿಲ್ಲ. ನರೇಶ ಎಂಟೂ ನಲವತ್ತಕ್ಕೆ ಸರಿಯಾಗಿ ತಾನಾಗಿಯೇ ಮುಗಿಸಿದ. ಇಳಿದು ಬಂದು ಬೆವರು ಒರೆಸಿಕೊಳ್ಳುತ್ತಾ ಪಕ್ಕದ ಕುರ್ಚಿಯಲ್ಲಿ ದೊಪ್ಪನೆ ಕೂತ.

ಕೆಂಪರಾಜು ನೀರಿನ ಬಾಟಲಿ ಅವನ ಕಡೆ ಚಾಚಿದ.

"ಬೇಸ್ ಗಿಟಾರು ಕೇಳಿಸ್ಲೇ ಇಲ್ಲ, ಅಲ್ವಾ?" ಎಂದ ನರೇಶ.

"ಇಲ್ಲ ಕಣಪ್ಪಾ," ಎಂದ ಕೆಂಪರಾಜು. "ಒಂಚೂರೂ ಕೇಳಿಸ್ಲಿಲ್ಲ."